ಕೈ ಮುರಿದದ್ದು ಹನ್ನೆರಡನೇ ಸಾಲಿಗೆ

ತೊಂಡೇಬಾವಿ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಒಂದು ಭಾನುವಾರ ಕೂತಿದ್ದೆವು. ಡಿಗ್ರಿ ಓದುತ್ತಿರುವ ಹುಡುಗನೊಬ್ಬ ಎರಡು ಕಾಗದ ತಂದಿದ್ದ. ಒಂದು, ಅವನೇ ಬರೆದು ಪೇಪರಿಗೆ ಕಳಿಸಿದ ಸುದ್ದಿ. ಇನ್ನೊಂದು, ಶನಿವಾರದ ಪೇಪರಿನಲ್ಲಿ ಅದು ಬಂದ ರೀತಿ. ಬಂದದ್ದು ಆರು ಸಾಲು. ತಲೆಬರಹ: 'ಕುಡಿಯುವ ನೀರು ಒದಗಿಸಲು ಒತ್ತಾಯ'.

"ಅಣ್ಣಾ, ನಮ್ಮಕ್ಕನ ಕೈ ಮುರಿದದ್ದೇ ಇದರಲ್ಲಿಲ್ಲ" ಅಂದ.

ನಾವು ಮೊದಲು ಪೇಪರಿನವರನ್ನು ಬೈದೆವು. ಬೈಯುವುದು ನಮಗೆ ಬಾಯಿಗೆ ಬಂದ ವಿದ್ಯೆ. ಆಮೇಲೆ ಹುಡುಗನ ಕರಡನ್ನು ಓದಿದೆವು. ಓದಿದ ಮೇಲೆ ನಮ್ಮನ್ನೇ ಬೈದುಕೊಳ್ಳಬೇಕಾಯಿತು. ಹೀಗೆ ಬರೆಯುವುದನ್ನು ಅವನಿಗೆ ಕಲಿಸಿದವರು ನಾವೇ.

ಆ ಕರಡು ಇದು. ಊರಿನ ಹೆಸರು ಇಲ್ಲಿ ಬೇಡ, ಸಾಲುಗಳಿಗೆ ನಂಬರು ಹಾಕಿದವರು ನಾವು.

1. ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದರೂ ದಲಿತರ ಬಾಳಿಗೆ ಬೆಳಕು ಬಂದಿಲ್ಲ.
2. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಕುಡಿದು ಕ್ರಾಂತಿ ಮಾಡಿದರು.
3. ನಮ್ಮ ಊರಿನಲ್ಲಿ ಸುಮಾರು 40 ದಲಿತ ಮನೆಗಳಿವೆ.
4. ಕೇರಿಗೆ ಇರುವುದು ಒಂದೇ ಕೊಳವೆಬಾವಿ.
5. ಅದರ ಮೋಟರು ಸುಟ್ಟುಹೋಗಿದೆ.
6. ಪಂಚಾಯ್ತಿಗೆ ಎರಡು ಸಲ ಅರ್ಜಿ ಕೊಟ್ಟೆವು.
7. ನೀರುಗಂಟಿ ಬಂದು ನೋಡಿ ಹೋದ.
8. ಅಧಿಕಾರಿಗಳು ಹಣವಿಲ್ಲ ಎಂದು ಹಾರಿಕೆ ಉತ್ತರ ಕೊಟ್ಟರು.
9. ಹೀಗಿರುವಾಗ ಮಂಗಳವಾರ ಬೆಳಿಗ್ಗೆ ಕೇರಿಯ ಮೂವರು ಹೆಂಗಸರು ಊರೊಳಗಿನ ನಲ್ಲಿಗೆ ಹೋದರು.
10. ಅಲ್ಲಿ ಮಾತಿಗೆ ಮಾತು ಬೆಳೆಯಿತು.
11. ಕೆಲವು ಜಾತಿವಾದಿ ದುಷ್ಟಶಕ್ತಿಗಳು ಬಿಂದಿಗೆಗಳನ್ನು ಒದ್ದು ಉರುಳಿಸಿದವು.
12. ಒಬ್ಬ ಹೆಣ್ಣುಮಗಳ ಕೈ ಮುರಿಯಿತು.
13. ಅವರನ್ನು ಆಸ್ಪತ್ರೆಗೆ ಸೇರಿಸಲಾಯಿತು.
14. ಠಾಣೆಯಲ್ಲಿ ದೂರು ತೆಗೆದುಕೊಂಡರು, ಎಫ್‌ಐಆರ್ ಮಾಡಿಲ್ಲ.
15. ಬುಧವಾರದಿಂದ ಕೇರಿಯವರಿಗೆ ಅಂಗಡಿಯಲ್ಲಿ ಸಾಮಾನು ಕೊಡುತ್ತಿಲ್ಲ.
16. ಇದನ್ನು ಉಗ್ರವಾಗಿ ಖಂಡಿಸುತ್ತೇವೆ.

ಪೇಪರಿನಲ್ಲಿ ಬಂದದ್ದು ಮೂರರಿಂದ ಎಂಟರವರೆಗಿನ ಸಾಲು. ಮೇಲಿನ ಎರಡು ಭಾಷಣ ಅಂತ ಹೋದವು. ಕೆಳಗಿನ ಎಂಟು ಜಾಗವಿಲ್ಲ ಅಂತ ಹೋದವು. ಡೆಸ್ಕಿನ ಉಪಸಂಪಾದಕ ಜಾತಿವಾದಿಯೋ ಅಲ್ಲವೋ, ನಮಗೆ ಗೊತ್ತಿಲ್ಲ. ಇಲ್ಲಿ ಅವನು ಜಾತಿವಾದಿ ಆಗಬೇಕಾದ ಅಗತ್ಯವೇ ಇರಲಿಲ್ಲ. ರಾತ್ರಿ ಹತ್ತು ಗಂಟೆಗೆ ಜಿಲ್ಲಾ ಪುಟ ಮುಗಿಸಬೇಕು, ಒಂದು ಜಾಹೀರಾತು ಬಂತು, ಜಾಗ ಕುಗ್ಗಿತು. ಅವನ ಕತ್ತರಿ ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ. ಮುರಿದ ಕೈಯನ್ನು ಆ ಕತ್ತರಿಯ ಬಾಯಲ್ಲಿ ಇಟ್ಟವರು ನಾವು.

ಯಾಕೆ ಕೆಳಗಿನಿಂದ ಕತ್ತರಿಸುತ್ತಾರೆ? ಇದು ಹಳೆಯ ಕಥೆ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಸುದ್ದಿ ತಂತಿಯ ಮೇಲೆ ಹೋಗಲು ಶುರುವಾಯಿತು. ಮಾತಿಗಿಷ್ಟು ಅಂತ ದುಡ್ಡು, ಯಾವಾಗ ಬೇಕಾದರೂ ತಂತಿ ಕಡಿಯುವ ಭಯ. ಹಾಗಾಗಿ ಮುಖ್ಯವಾದದ್ದನ್ನು ಮೊದಲು ಕಳಿಸು ಅನ್ನುವ ಅಭ್ಯಾಸ ಬೆಳೆಯಿತು ಅನ್ನುತ್ತಾರೆ. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಪುಟಕ್ಕೆ ಹಿಡಿಸದ ಸುದ್ದಿಯ ಕೊನೆಯ ಸಾಲುಗಳನ್ನು ಎತ್ತಿ ಪಕ್ಕಕ್ಕಿಡುವುದು ಸುಲಭವಾಗಿತ್ತು. ನಡುವಿನಿಂದ ತೆಗೆದರೆ ಎಲ್ಲವನ್ನೂ ಮತ್ತೆ ಜೋಡಿಸಬೇಕಿತ್ತು. ಹೀಗೆ ಸುದ್ದಿಗೆ ಒಂದು ಆಕಾರ ಬಂತು: ಅಗಲವಾದ ಬುಡ ಮೇಲೆ, ಚೂಪು ತುದಿ ಕೆಳಗೆ. ತಲೆಕೆಳಗಾದ ಪಿರಮಿಡ್ಡು. ಮೊದಲು ಲೀಡು, ಆಮೇಲೆ ಮುಖ್ಯ ಸಂಗತಿಗಳು, ಆಮೇಲೆ ಹಿನ್ನೆಲೆ, ಕೊನೆಗೆ ಬಿಟ್ಟರೂ ನಡೆಯುವ ಚಿಕ್ಕಪುಟ್ಟ ವಿವರ. ಇವತ್ತು ಮೊಳೆಯೂ ಇಲ್ಲ, ತಂತಿಯೂ ಇಲ್ಲ. ಆದರೆ ಕತ್ತರಿ ಇದೆ. ಮೊಬೈಲಿನ ಪರದೆ ಮೇಲೆ ಮೊದಲ ಎರಡು ಸಾಲು ಕಾಣುತ್ತದೆ, ಉಳಿದದ್ದನ್ನು ನೋಡಲು ಒತ್ತಬೇಕು. ಯಾರು ಒತ್ತುತ್ತಾರೆ?

ನಮ್ಮ ಕರಡು ಈ ಪಿರಮಿಡ್ಡಿಗೆ ಸರಿಯಾಗಿ ಉಲ್ಟಾ. ಅದು ಸುದ್ದಿಯೇ ಅಲ್ಲ, ಅರ್ಜಿ. ತಲೆತಲಾಂತರದಿಂದ ನಾವು ಬರೆದದ್ದು ಅರ್ಜಿಯೊಂದೇ. ಅರ್ಜಿಯಲ್ಲಿ ಮೊದಲು ಕೈಮುಗಿಯಬೇಕು, ಆಮೇಲೆ ಕಷ್ಟವನ್ನು ಮೊದಲಿಂದ ಹೇಳಿಕೊಳ್ಳಬೇಕು, ಕೊನೆಗೆ 'ಆದ್ದರಿಂದ ತಾವು ದಯಮಾಡಿ' ಅನ್ನಬೇಕು. ಮಿಕ್ಕವರಲ್ಲಿ ಕೆಲವರು ಭಾಷಣ ಕಲಿತೆವು. ಭಾಷಣದಲ್ಲೂ ಅಷ್ಟೆ, ಮಹಾಡದಿಂದ ಹೊರಟು ಕೇರಿಗೆ ಬರುತ್ತೇವೆ. ಕೂತು ಕೇಳುವ ಜನ ಇದ್ದರೆ ಅದು ಸರಿ. ಸುದ್ದಿ ಓದುವವನು ಕೂತು ಕೇಳುವವನಲ್ಲ. ಬಸ್ಸಿಗೆ ಕಾಯುತ್ತಾ ನಿಂತಿರುವವನು.

ಇಷ್ಟು ಹೇಳಿ ನಿಲ್ಲಿಸಿದರೆ ಪತ್ರಿಕೋದ್ಯಮದ ಮೇಷ್ಟ್ರ ಪಾಠವಾಯಿತು. ಇನ್ನೊಂದು ಮಗ್ಗುಲಿದೆ.

ಹುಡುಗನ ಕೈಯಲ್ಲಿ ಮೂರನೆಯ ಕಾಗದವೂ ಇತ್ತು. ಇನ್ನೊಂದು ಪೇಪರಿನ ತುಣುಕು: 'ನೀರಿನ ವಿಚಾರವಾಗಿ ಎರಡು ಗುಂಪುಗಳ ನಡುವೆ ಘರ್ಷಣೆ ನಡೆದು ಮಹಿಳೆಯೊಬ್ಬರು ಗಾಯಗೊಂಡಿದ್ದಾರೆ. ಪರಿಸ್ಥಿತಿ ಹತೋಟಿಯಲ್ಲಿದೆ ಎಂದು ಪೊಲೀಸರು ತಿಳಿಸಿದ್ದಾರೆ.' ಇದರ ಆಕಾರ ನೋಡಿ. ಅಪ್ಪಟ ಪಿರಮಿಡ್ಡು. ಏನು, ಎಲ್ಲಿ, ಯಾರು ಹೇಳಿದರು, ಎಲ್ಲಾ ಇದೆ. ವ್ಯಾಕರಣ ಸರಿ, ಕ್ರಮ ಸರಿ. ಸುದ್ದಿ ಸುಳ್ಳು. ಬಿಂದಿಗೆ ಹಿಡಿದು ನೀರಿಗೆ ಹೋದ ಮೂವರು ಹೆಂಗಸರು ಒಂದು 'ಗುಂಪು' ಆದರು. ಅವರನ್ನು ತಡೆದವರು ಇನ್ನೊಂದು 'ಗುಂಪು' ಆದರು. ತಕ್ಕಡಿ ಸಮ ಆಯಿತು. ಜಾತಿ ಅನ್ನುವ ಮಾತು ಎಲ್ಲೂ ಬರಲಿಲ್ಲ.

ಮುಖ್ಯವಾದದ್ದು ಮೇಲೆ, ಅಮುಖ್ಯವಾದದ್ದು ಕೆಳಗೆ ಅನ್ನುತ್ತಾರೆ. ಯಾರಿಗೆ ಮುಖ್ಯ? 'ಪರಿಸ್ಥಿತಿ ಹತೋಟಿಯಲ್ಲಿದೆ' ಅನ್ನುವುದು ಠಾಣೆಗೆ ಮುಖ್ಯ. ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಕೂತ ಅಕ್ಕನಿಗೆ ಅಲ್ಲ. ಲೀಡು ಯಾವುದು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. 1996ರಲ್ಲಿ ಬಿ. ಎನ್. ಉನಿಯಾಲ್ ಅನ್ನುವ ಪತ್ರಕರ್ತ ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿ ಹೊರಟು, ಒಬ್ಬನೂ ಸಿಗಲಿಲ್ಲ ಎಂದು ಬರೆದರು. 1920ರ ಜನವರಿ 31ರಂದು ಅಂಬೇಡ್ಕರ್ ತಮ್ಮದೇ 'ಮೂಕನಾಯಕ' ಶುರು ಮಾಡಿದ್ದು ಬೇರೆಯವರ ಪೇಪರಿನಲ್ಲಿ ತಮಗೆ ಜಾಗ ಇಲ್ಲ ಅನ್ನುವುದು ಗೊತ್ತಿದ್ದುದರಿಂದ.

ನಮ್ಮ ಸೀಮೆಯದೇ ಒಂದು ಲೀಡನ್ನು ನೆನೆಯೋಣ. 2000ದ ಮಾರ್ಚ್ 11. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ, ಆಗ ಕೋಲಾರ ಜಿಲ್ಲೆ. ಏಳು ಮಂದಿ ದಲಿತರನ್ನು ಮನೆಗಳೊಳಗೆ ಜೀವಂತ ಸುಟ್ಟರು. ಅದೇ ದಿನ ಅದಕ್ಕೆ ಮುಂಚೆ ಮೇಲ್ಜಾತಿಯ ಒಬ್ಬ ವ್ಯಕ್ತಿಯ ಕೊಲೆಯೂ ಆಗಿತ್ತು. ಅದರ ಹಿಂದೆ ಹಳೆಯ ದ್ವೇಷವೂ ಇತ್ತು. ಈ ಸಂಗತಿಗಳನ್ನು ಎರಡು ಬಗೆಯಲ್ಲಿ ಜೋಡಿಸಬಹುದು. ಒಂದು: 'ಎರಡು ಕೋಮುಗಳ ನಡುವಿನ ಹಳೆ ದ್ವೇಷ ಭುಗಿಲೆದ್ದು ಎಂಟು ಮಂದಿ ಸಾವಿಗೀಡಾಗಿದ್ದಾರೆ.' ಎರಡು: 'ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಗಳಿಗೆ ಬೆಂಕಿ ಹಚ್ಚಿ ಜೀವಂತ ಸುಡಲಾಗಿದೆ.' ಮೊದಲನೆಯದರಲ್ಲಿ ಒಂದೂ ಸುಳ್ಳು ಅಂಕಿ ಇಲ್ಲ. ಆದರೆ ಕೊಂದದ್ದು ದ್ವೇಷ, ಮನುಷ್ಯರಲ್ಲ. ಏಳನ್ನು ಒಂದರ ಜೊತೆ ಕೂಡಿ ಎಂಟು ಮಾಡಿದ ಕೂಡಲೇ ಯಾರು ಯಾರನ್ನು ಹೇಗೆ ಕೊಂದರು ಅನ್ನುವುದು ಅಳಿಸಿಹೋಯಿತು.

ಹಾಗಂತ ಮೇಲ್ಜಾತಿಯವನ ಸಾವನ್ನು ಮುಚ್ಚಿಡಬೇಕೆ? ಕೂಡದು. ಮುಚ್ಚಿಟ್ಟರೆ ನಾಳೆ ಅದನ್ನೇ ಹಿಡಿದು ಇಡೀ ಸುದ್ದಿಯನ್ನು ಸುಳ್ಳು ಅನ್ನುತ್ತಾರೆ. ಅದರ ಜಾಗ ಎರಡನೆಯ ಪ್ಯಾರಾ. ಬೇರೆ ವಾಕ್ಯ, ಬೇರೆ ಹೊತ್ತು, ಬೇರೆ ಸಾವು. 'ಆದ್ದರಿಂದ' ಅನ್ನುವ ಒಂದು ಮಾತನ್ನು ಮಾತ್ರ ನಡುವೆ ಹಾಕಬೇಡಿ. ಆ ಒಂದು ಮಾತು ಕೊಲೆಗೆ ಕಾರಣ ಕೊಟ್ಟು ಕ್ಷಮೆಯ ಬಾಗಿಲು ತೆಗೆಯುತ್ತದೆ.

ಮುಂದಿನದನ್ನೂ ನೋಡಿ. ಸಾಕ್ಷಿಗಳು ಪ್ರತಿಕೂಲ ನುಡಿದರು. 2006ರ ಡಿಸೆಂಬರಿನಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಇಂಥ ದಿನದ ಲೀಡು ಏನು? 'ಆರೋಪಿಗಳ ಖುಲಾಸೆ.' ಸರಿ, ಅದು ಆ ದಿನದ ಹೊಸ ಸಂಗತಿ. ಏಳು ಸಾವು ಹಳೆಯದಾದ್ದರಿಂದ ಪಿರಮಿಡ್ಡಿನ ನಿಯಮದಂತೆ ಹಿನ್ನೆಲೆಗೆ ಇಳಿಯುತ್ತದೆ. ಹಿನ್ನೆಲೆ ಕತ್ತರಿಗೆ ಹೋಗುತ್ತದೆ. ಕೊನೆಗೆ ಓದುಗನ ಕೈಯಲ್ಲಿ ಉಳಿಯುವುದು, ಯಾರನ್ನೋ ಯಾವುದೋ ಕೇಸಿನಿಂದ ಬಿಟ್ಟರು ಅನ್ನುವುದು. ಸರಿಯಾದ ಲೀಡು ಎರಡನ್ನೂ ಒಂದೇ ಉಸಿರಿಗೆ ಹೇಳುತ್ತದೆ: 'ಏಳು ದಲಿತರನ್ನು ಸುಟ್ಟು ಕೊಂದ ಕಂಬಾಲಪಲ್ಲಿ ಪ್ರಕರಣದ ಆರೋಪಿಗಳ ಖುಲಾಸೆಯನ್ನು ಹೈಕೋರ್ಟ್ ಎತ್ತಿಹಿಡಿದಿದೆ. ಆ ಏಳು ಸಾವಿಗೆ ಇದುವರೆಗೆ ಒಬ್ಬರಿಗೂ ಶಿಕ್ಷೆಯಾಗಿಲ್ಲ.' ತೀರ್ಪಿನ ದಿನಕ್ಕೆ ಎರಡನೆಯ ವಾಕ್ಯ ನಮ್ಮ ಸಿಟ್ಟಲ್ಲ, ದಾಖಲೆಯ ಮಾತು. ಯಾವ ಉಪಸಂಪಾದಕನೂ ಅದನ್ನು ಅಭಿಪ್ರಾಯ ಅಂತ ಹೊಡೆದುಹಾಕುವ ಹಾಗಿಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟು. ಪಿರಮಿಡ್ಡು ಅವರ ಆಯುಧ ಅಂತ ಬಿಟ್ಟು ಕೂತರೆ ನಮ್ಮ ಕೈಗಳು ಹನ್ನೆರಡನೇ ಸಾಲಿನಲ್ಲೇ ಮುರಿಯುತ್ತಿರುತ್ತವೆ. ಅದನ್ನು ಕಲಿಯೋಣ. ಆದರೆ ಲೀಡನ್ನು ಅವರಿಗೆ ಬಿಟ್ಟುಕೊಡದೆ ಕಲಿಯೋಣ.

ಆ ಭಾನುವಾರ ಹುಡುಗನ ಕರಡನ್ನು ತಿರುಗಿ ಜೋಡಿಸಿದೆವು. ಹೇಗೆ ಅಂತ ಹೇಳುತ್ತೇವೆ.

ಮೊದಲು ಹದಿನಾರು ಸಾಲನ್ನೂ ಹದಿನಾರು ಚೀಟಿ ಮಾಡಿದೆವು. ಒಂದೊಂದು ಚೀಟಿಯ ಮೂಲೆಯಲ್ಲಿ ಇದು ಕಂಡದ್ದೋ, ಕೇಳಿದ್ದೋ, ಕಾಗದ ಇದೆಯೋ ಅಂತ ಬರೆದೆವು. ಒಂದನೇ ಚೀಟಿ ಮೂರೂ ಅಲ್ಲ. ಎರಡನೆಯದು ನಿಜ, ಆದರೆ ಈ ಮಂಗಳವಾರದ ಸುದ್ದಿಯಲ್ಲ. ಹದಿನಾರನೆಯದು ನಮ್ಮ ಸಿಟ್ಟು. ಈ ಮೂರನ್ನೂ ಪಕ್ಕಕ್ಕಿಟ್ಟೆವು. ಹುಡುಗನ ಮುಖ ಸಪ್ಪಗಾಯಿತು. "ಬಾಬಾಸಾಹೇಬರನ್ನ ತೆಗೀತೀರಾ ಅಣ್ಣಾ?" ತೆಗೆದು ಬಿಸಾಡಲಿಲ್ಲ ಕಣಪ್ಪಾ, ಆ ಚೀಟಿ ಧರಣಿಯ ದಿನದ ಭಾಷಣಕ್ಕೆ ಬೇಕು.

ಉಳಿದ ಚೀಟಿ ಹಿಡಿದಾಗ ತೂತುಗಳು ಕಂಡವು. 'ಕೈ ಮುರಿಯಿತು.' ಹೊಡೆದು ಮುರಿಯಿತೋ, ಬಿದ್ದು ಮುರಿಯಿತೋ? ಹುಡುಗನಿಗೆ ಗೊತ್ತಿಲ್ಲ. 'ದುಷ್ಟಶಕ್ತಿಗಳು.' ಎಷ್ಟು ಜನ? ಗೊತ್ತಿಲ್ಲ. 'ಮೋಟರು ಸುಟ್ಟುಹೋಗಿದೆ.' ಯಾವತ್ತು? 'ತುಂಬಾ ದಿನ ಆಯ್ತು.' ಅರ್ಜಿಯ ಧಾಟಿಯಲ್ಲಿ ಇವೆಲ್ಲ ಮುಚ್ಚಿಹೋಗುತ್ತವೆ. ಸುದ್ದಿಯ ಮೊದಲ ಸಾಲಿಗೆ ಎಳೆದು ತಂದ ಕೂಡಲೇ ಬೆತ್ತಲೆ ನಿಲ್ಲುತ್ತವೆ. ಹಾಗಾಗಿ ಎದ್ದು ಊರಿಗೇ ಹೋದೆವು.

ಅಕ್ಕ ಹೇಳಿದ್ದು: "ಬಿಂದಿಗೆ ಇಟ್ಟೆ. ನಾಕು ಜನ ಬಂದ್ರು. ನಿಮ್ ಕೇರಿ ನೀರು ಕುಡೀರಿ, ಇಲ್ಲಿ ಮುಟ್ಟಬ್ಯಾಡ್ರಿ ಅಂದ್ರು. ಬಿಂದಿಗೆ ಒದ್ದ. ನಾನು ಹಿಡ್ಕೊಳ್ಳೋಕೆ ಹೋದೆ, ತಳ್ಳಿದ. ನಲ್ಲಿ ಕಟ್ಟೆ ಮೇಲೆ ಬಿದ್ದೆ." ಅಂದರೆ ಹೊಡೆದು ಮುರಿದದ್ದಲ್ಲ, ತಳ್ಳಿದ್ದರಿಂದ ಬಿದ್ದು ಮುರಿದದ್ದು. 'ಹೊಡೆದು ಕೈ ಮುರಿದರು' ಎಂದು ನಾವು ಬರೆದಿದ್ದರೆ, ಆ ಒಂದು ತಪ್ಪು ನಾಳೆ ಕೋರ್ಟಿನಲ್ಲಿ ಅಕ್ಕನ ವಿರುದ್ಧವೇ ನಿಲ್ಲುತ್ತಿತ್ತು. ಎಕ್ಸ್‌ರೇ ಇತ್ತು. ಅರ್ಜಿಯ ನಕಲಿನ ಮೇಲೆ ಪಂಚಾಯ್ತಿಯ ಸೀಲು ಮತ್ತು ತಾರೀಖು ಇತ್ತು. ಲೆಕ್ಕ ಹಾಕಿದರೆ ಮೋಟರು ಸುಟ್ಟು ಅವತ್ತಿಗೆ 19 ದಿನ. ಠಾಣೆಯಿಂದ ಕೊಟ್ಟದ್ದು ಬರೀ ಹಿಂಬರಹ, ಎಫ್‌ಐಆರ್ ಅಲ್ಲ. ನಲ್ಲಿಯ ಹತ್ತಿರದ ಮನೆಯವರನ್ನೂ ಕೇಳಿದೆವು. "ನಮಗೇ ನೀರು ಸಾಲಲ್ಲ, ಬೇಡ ಅಂದ್ವಿ, ಆಯಮ್ಮ ತಾನೇ ಜಾರಿ ಬಿದ್ಲು" ಅಂದರು. ಅದನ್ನೂ ಬರೆದುಕೊಂಡೆವು.

ಈಗ ಲೀಡು. ಮೂರು ಚೀಟಿ ಪೈಪೋಟಿಗೆ ನಿಂತವು: ಕೈ ಮುರಿದದ್ದು, ಎಫ್‌ಐಆರ್ ಆಗದ್ದು, ಅಂಗಡಿ ಬಂದ್ ಮಾಡಿದ್ದು. ನಮ್ಮಲ್ಲೇ ಜಗಳ ಆಯಿತು. ಕೊನೆಗೆ ಒಂದು ಪ್ರಶ್ನೆ ಹಾಕಿಕೊಂಡೆವು: ಈ ಸಾಲೊಂದೇ ಉಳಿದು ಮಿಕ್ಕದ್ದೆಲ್ಲಾ ಕತ್ತರಿಗೆ ಹೋದರೆ ಏನು ನಡೆಯಿತು ಅನ್ನುವುದು ತಿಳಿಯುತ್ತದೆಯೇ? ಎಫ್‌ಐಆರ್ ಚೀಟಿ ಒಂದೇ ಉಳಿದರೆ ಯಾವುದಕ್ಕೆ ಎಫ್‌ಐಆರ್ ಅನ್ನುವುದು ತಿಳಿಯದು. ಅಂಗಡಿಯದೂ ಹಾಗೆಯೇ. ಕೈಯ ಚೀಟಿ ಒಂದೇ ತನ್ನ ಕಾಲ ಮೇಲೆ ನಿಲ್ಲುತ್ತದೆ.

ಇಲ್ಲಿ ಕನ್ನಡದ್ದೇ ಒಂದು ತೊಡಕಿದೆ. ಇಂಗ್ಲಿಷಿನಲ್ಲಿ ಯಾರು, ಏನು ಮಾಡಿದರು ಅನ್ನುವುದು ವಾಕ್ಯದ ಬಾಯಲ್ಲೇ ಬರುತ್ತದೆ. ನಮ್ಮ ಕ್ರಿಯಾಪದ ವಾಕ್ಯದ ಬಾಲ. 'ತೆರಳಿದ ಸಂದರ್ಭದಲ್ಲಿ ನಡೆದ ಮಾತಿನ ಚಕಮಕಿ ವಿಕೋಪಕ್ಕೆ ತಿರುಗಿ ಉಂಟಾದ ತಳ್ಳಾಟದಲ್ಲಿ ಗಾಯಗೊಂಡರೆನ್ನಲಾದ' ಅಂತ ಎಳೆದುಕೊಂಡು ಹೋದರೆ ಲೀಡಿನೊಳಗೇ ಇನ್ನೊಂದು ಅರ್ಜಿ ಹುಟ್ಟುತ್ತದೆ. ಇಂಗ್ಲಿಷ್ ಲೀಡನ್ನು ನಕಲು ಮಾಡಿ ಐದು ಪ್ರಶ್ನೆಗೂ ಒಂದೇ ವಾಕ್ಯದಲ್ಲಿ ಉತ್ತರ ತುಂಬಬೇಡಿ. ಎರಡು ಗಿಡ್ಡ ವಾಕ್ಯ ಮಾಡಿ. 'ಎನ್ನಲಾಗಿದೆ' ಬೇಡವೇ ಬೇಡ. ಅಂದವರು ಯಾರು? ಅವರ ಹೆಸರಿಲ್ಲದಿದ್ದರೆ ಅವರು ಯಾರ ಕಡೆಯವರು ಅನ್ನುವುದಾದರೂ ಇರಲಿ. ಮೂಳೆ ಮುರಿದದ್ದಕ್ಕೆ ಎಕ್ಸ್‌ರೇ ಇದೆ, ಅದನ್ನು ನೇರವಾಗಿ ಹೇಳಿ. ತಳ್ಳಿದ್ದು ದೂರಿನ ಮಾತು, ಅದನ್ನು ದೂರಿನ ತಲೆಯ ಮೇಲೆ ಇಡಿ.

ಕೊನೆಗೆ ಸುದ್ದಿ ಹೀಗಾಯಿತು.

'ತೊಂಡೇಬಾವಿ: ಊರೊಳಗಿನ ನಲ್ಲಿಗೆ ನೀರಿಗೆ ಹೋದ ದಲಿತ ಮಹಿಳೆಯೊಬ್ಬರ ಕೈಮೂಳೆ ಮುರಿದಿದೆ. ಮೇಲ್ಜಾತಿಯ ನಾಲ್ವರು ತಡೆದು ತಳ್ಳಿದರು ಎಂದು ಅವರು ದೂರು ಕೊಟ್ಟು ಐದು ದಿನವಾದರೂ ಪೊಲೀಸರು ಎಫ್‌ಐಆರ್ ದಾಖಲಿಸಿಲ್ಲ.

'ಕೇರಿಯ ಏಕೈಕ ಕೊಳವೆಬಾವಿಯ ಮೋಟರು ಸುಟ್ಟು 19 ದಿನವಾಗಿದ್ದು, ಬೇರೆ ನೀರಿಲ್ಲದೆ ಮೂವರು ಮಹಿಳೆಯರು ಮಂಗಳವಾರ ಬೆಳಿಗ್ಗೆ ಅಲ್ಲಿಗೆ ಹೋಗಿದ್ದರು.

'ಬುಧವಾರದಿಂದ ಊರಿನ ಅಂಗಡಿಯಲ್ಲಿ ತಮಗೆ ಸಾಮಾನು ಕೊಡುತ್ತಿಲ್ಲ ಎಂದು ಕೇರಿಯ ನಿವಾಸಿಗಳು ಹೇಳಿದ್ದಾರೆ.

'ಬಿಂದಿಗೆ ಒದ್ದು ತಳ್ಳಿದ್ದರಿಂದ ನಲ್ಲಿಕಟ್ಟೆಯ ಮೇಲೆ ಬಿದ್ದೆ ಎಂದು ಗಾಯಗೊಂಡ ಮಹಿಳೆ ತಿಳಿಸಿದರು. ನೀರು ಸಾಲದೆಂದು ಬೇಡ ಎಂದೆವು, ತಳ್ಳಿಲ್ಲ, ಅವರೇ ಜಾರಿ ಬಿದ್ದರು ಎಂದು ನಲ್ಲಿಯ ಬಳಿಯ ನಿವಾಸಿಗಳು ಹೇಳಿದರು.

'ಮೋಟರು ದುರಸ್ತಿಗೆ ಎರಡು ಬಾರಿ ಅರ್ಜಿ ಕೊಡಲಾಗಿದ್ದು, ಎರಡಕ್ಕೂ ಪಂಚಾಯ್ತಿಯ ಸ್ವೀಕೃತಿ ಸೀಲು ಇದೆ. ಕೇರಿಯಲ್ಲಿ ಸುಮಾರು 40 ಮನೆಗಳಿವೆ.

'ಎಫ್‌ಐಆರ್ ದಾಖಲಿಸದಿದ್ದರೆ ಬುಧವಾರದಿಂದ ಠಾಣೆಯೆದುರು ಧರಣಿ ನಡೆಸುವುದಾಗಿ ನಿವಾಸಿಗಳು ತಿಳಿಸಿದ್ದಾರೆ.'

ಇದರಲ್ಲಿ ಎರಡು ಕಡೆ ಮೇಷ್ಟ್ರುಗಳ ಪಿರಮಿಡ್ಡನ್ನು ನಾವು ಬೇಕೆಂದೇ ಮುರಿದಿದ್ದೇವೆ. ಮೋಟರು ಹಿನ್ನೆಲೆ, ಅದು ಕೆಳಗೆ ಹೋಗಬೇಕು ಅನ್ನುತ್ತಾರೆ. ಹೋದರೆ ಓದುವವನಿಗೆ ಒಂದು ಪ್ರಶ್ನೆ ಹುಟ್ಟುತ್ತದೆ: ಇವರದೇ ಕೇರಿಯಲ್ಲಿ ನೀರಿರುವಾಗ ಅಲ್ಲಿಗೆ ಯಾಕೆ ಹೋದರು? ಉತ್ತರ ಕತ್ತರಿಗೆ ಹೋಗಿರುತ್ತದೆ. ಆ ಖಾಲಿ ಜಾಗವನ್ನು ಊರಿನ ಕೊಂಕು ತುಂಬುತ್ತದೆ: 'ಜಗಳಕ್ಕೇ ಹೋಗಿದ್ರು.' ನಮ್ಮವರ ಸುದ್ದಿಯಲ್ಲಿ ಹಿನ್ನೆಲೆಯ ಒಂದು ಎಳೆಯನ್ನು ಎರಡನೇ ಪ್ಯಾರಾಕ್ಕೆ ಎಳೆದು ತರಲೇಬೇಕು. ಎಳೆದು ತರುವುದು ಒಂದು ವಾಕ್ಯ ಮಾತ್ರ. ಅರ್ಜಿ, ಸೀಲು, ಮನೆ ಲೆಕ್ಕ ಎಲ್ಲಾ ಕೆಳಗೇ ಇರಲಿ.

ಇನ್ನು ಅಂಗಡಿ. ಹುಡುಗ ಅದನ್ನು ಹದಿನೈದನೇ ಸಾಲಿನಲ್ಲಿ ಇಟ್ಟಿದ್ದ, ಯಾಕೆಂದರೆ ಅದು ಕೊನೆಗೆ ನಡೆದದ್ದು. ನಡೆದ ಕ್ರಮವೇ ಬರೆಯುವ ಕ್ರಮ ಅಲ್ಲ. ಅದು ಇವತ್ತೂ ನಡೆಯುತ್ತಿದೆ. ಜೊತೆಗೆ ಅದೇ ಒಂದು ಬೇರೆ ಅಪರಾಧ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರದು. ಅದರ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು. ಅಲ್ಲಿಂದ ಈಚೆಗೆ ಸಾರ್ವಜನಿಕ ನಲ್ಲಿಯ ನೀರಿಗೆ ತಡೆಯುವುದೂ, ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದೂ ಆ ಕಾಯ್ದೆಯ ಮೂರನೇ ಕಲಮಿನಲ್ಲಿ ಬೇರೆ ಬೇರೆ ಅಪರಾಧಗಳಾಗಿ ನಿಂತಿವೆ. 'ವಿಚಾರಣೆ ಮಾಡಿ ಆಮೇಲೆ ಎಫ್‌ಐಆರ್' ಅನ್ನುವ ಠಾಣೆಯ ಮಾತಿಗೂ 2018ರಲ್ಲಿ ಸೇರಿಸಿದ 18ಎ ಕಲಮು ಉತ್ತರ ಹೇಳಿದೆ: ಈ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಇದು ಗೊತ್ತಿದ್ದವನು ಎಫ್‌ಐಆರ್ ಸಂಗತಿಯನ್ನು ಲೀಡಿನಿಂದ ಕೆಳಗಿಳಿಸುವುದಿಲ್ಲ, ಅಂಗಡಿಯನ್ನು ಕೊನೆಗೆ ತಳ್ಳುವುದಿಲ್ಲ. ಕಾನೂನು ಗೊತ್ತಿಲ್ಲದಿದ್ದರೆ ಸುದ್ದಿಯಲ್ಲಿ ಯಾವುದು ಮುಖ್ಯ ಅನ್ನುವುದೂ ಗೊತ್ತಾಗುವುದಿಲ್ಲ.

ನಾಲ್ವರ ಹೆಸರು ಯಾಕೆ ಹಾಕಲಿಲ್ಲ ಅಂತ ಹುಡುಗ ಕೇಳಿದ. ಎಫ್‌ಐಆರ್ ಆಗಿಲ್ಲ. ಅದರ ಮುಂಚೆ ಹೆಸರು ಕೊಟ್ಟರೆ ಪೇಪರಿನವರು ಮಾನನಷ್ಟದ ಭಯಕ್ಕೆ ಇಡೀ ಸುದ್ದಿಯನ್ನೇ ಬಿಡುತ್ತಾರೆ. ಎಫ್‌ಐಆರ್ ಆದ ದಿನ ಅದೇ ಹೊಸ ಲೀಡು, ಆಗ ಹೆಸರು ಬರಲಿ. ಎದುರು ಕಡೆಯ ಮಾತನ್ನು ಯಾಕೆ ಹಾಕಿದಿರಿ ಅಂತಲೂ ಕೇಳಿದ. ಹಾಕದಿದ್ದರೆ 'ಒಂದೇ ಕಡೆಯ ಸುದ್ದಿ' ಅನ್ನುವ ನೆಪ ಸಿಗುತ್ತದೆ. ಹಾಕಿದರೆ, ನೀರು ಬೇಡ ಅಂದದ್ದನ್ನು ಅವರ ಬಾಯಿಂದಲೇ ಒಪ್ಪಿಸಿದ ಹಾಗೂ ಆಯಿತು.

ಆಮೇಲೆ ಕತ್ತರಿಯ ಪರೀಕ್ಷೆ. ಕೊನೆಯ ಪ್ಯಾರಾವನ್ನು ಅಂಗೈಯಲ್ಲಿ ಮುಚ್ಚಿ ಓದಿದೆವು. ಧರಣಿ ಹೋಯಿತು, ಸುದ್ದಿ ನಿಂತಿತು. ಇನ್ನೊಂದು ಮುಚ್ಚಿದೆವು. ಅರ್ಜಿಗಳು ಹೋದವು, ನಿಂತಿತು. ಹೀಗೆ ಮುಚ್ಚುತ್ತಾ ಹೋಗಿ ಲೀಡೊಂದೇ ಉಳಿದಾಗಲೂ ನೀರು ಇತ್ತು, ಜಾತಿ ಇತ್ತು, ಮುರಿದ ಕೈ ಇತ್ತು, ಠಾಣೆಯ ಮೌನ ಇತ್ತು. ನೀವೂ ಕಳಿಸುವ ಮುಂಚೆ ಇದನ್ನು ಮಾಡಿ. ಮುಚ್ಚಿದ ಕೈಯ ಕೆಳಗೆ ಎದೆಗೆ ನಾಟುವ ಸಂಗತಿ ಏನಾದರೂ ಸಿಕ್ಕಿಕೊಂಡರೆ, ಅದು ತಪ್ಪು ಜಾಗದಲ್ಲಿದೆ ಎಂದು ತಿಳಿಯಿರಿ.

ಈ ಆಕಾರಕ್ಕೆ ಹಿಡಿಸದ್ದೂ ಇದೆ. ಅಕ್ಕ ಆ ಬೆಳಿಗ್ಗೆ ಯಾವ ಲೆಕ್ಕ ಹಾಕಿ ಬಿಂದಿಗೆ ಎತ್ತಿದಳು, ಊರೊಳಕ್ಕೆ ಕಾಲಿಡುವಾಗ ಅವಳ ಎದೆ ಹೇಗಿತ್ತು, ಅವಳ ಅಜ್ಜಿ ಅದೇ ಊರಿನಲ್ಲಿ ದೂರ ನಿಂತು ಯಾರಾದರೂ ನೀರು ಹುಯ್ಯಲಿ ಎಂದು ಕಾದದ್ದು ಹೇಗೆ, ಇದು ಆರು ಪ್ಯಾರಾದಲ್ಲಿ ಬರುವುದಿಲ್ಲ. ಅದಕ್ಕೆ ಮೊದಲಿಂದ ಹೇಳುವ ಕಥೆಯೇ ಬೇಕು, ನಮ್ಮ ಇಂಥ ಪತ್ರಿಕೆಯೇ ಬೇಕು. ಸುದ್ದಿಯನ್ನು ಅದರ ಬದಲಿಗೆ ಬರೆಯುತ್ತಿಲ್ಲ. ಅದಕ್ಕೆ ಮುಂಚೆ ಬರೆಯುತ್ತಿದ್ದೇವೆ.

ಸೋಮವಾರ ಸುದ್ದಿ ಕಳಿಸಿದೆವು. ಮಂಗಳವಾರ ಬಂತು. ಕೊನೆಯ ಎರಡು ಪ್ಯಾರಾ ಕತ್ತರಿಗೆ ಹೋಗಿದ್ದವು, ಮೇಲಿನ ನಾಲ್ಕು ಉಳಿದಿದ್ದವು. ತಲೆಬರಹ ಕಟ್ಟುವವನು ಲೀಡಿನಿಂದಲೇ ಎತ್ತಿಕೊಳ್ಳಬೇಕಲ್ಲ, ಈ ಸಲ 'ಒತ್ತಾಯ' ಅನ್ನುವ ಮಾತು ಅವನಿಗೆ ಸಿಗಲಿಲ್ಲ. ಮೂರನೇ ದಿನ ಕೇರಿಗೆ ಹೊಸ ಮೋಟರು ಬಂತು. ಎಫ್‌ಐಆರ್ ಬರಲಿಲ್ಲ. ಅದಕ್ಕೆ ಠಾಣೆಯ ಮುಂದೆ ಬುಧವಾರದಿಂದ ನಾಲ್ಕು ದಿನ ಕೂರಬೇಕಾಯಿತು. ಕೈಗೆ ಬ್ಯಾಂಡೇಜು ಕಟ್ಟಿಕೊಂಡ ಅಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ಎತ್ತಿಟ್ಟಿದ್ದ ಎರಡನೇ ಚೀಟಿಯನ್ನು ಹುಡುಗ ಅಲ್ಲಿ ಜೇಬಿನಿಂದ ತೆಗೆದು, ಮಹಾಡದಿಂದ ಶುರು ಮಾಡಿ ಮಾತಾಡಿದ.